ಜಡತ್ವ

ವಸ್ತುವೊಂದು ತನ್ನ ನಿಶ್ಚಲ ಸ್ಥಿತಿಯನ್ನು ಅಥವಾ ಸರಳರೇಖೆಯಲ್ಲಿನ ಸಮವೇಗದ ಚಲನೆಯನ್ನು ತಾನಾಗಿ ಬದಲಿಸದಿರುವ ಗುಣ. ಬದಲಿಸಲು ಹೊರಗಿನ ಬಲ ಬೇಕು. ಇದೇ ನ್ಯೂಟನ್‌ನ ಮೊದಲ ನಿಯಮ (1687). ರಾಶಿ ಹೆಚ್ಚಿದಷ್ಟೂ ಜಡತ್ವ ಹೆಚ್ಚು.

ಯಾದಗಿರಿಯಿಂದ ರಾಮಸಮುದ್ರಕ್ಕೆ ಹೊರಟ ಬಸ್ಸು ಗಂಟೆಗೆ 36 ಕಿ.ಮೀ., ಅಂದರೆ ಸೆಕೆಂಡಿಗೆ 10 ಮೀಟರ್ ವೇಗದಲ್ಲಿದೆ ಎಂದುಕೊಳ್ಳೋಣ. ಒಳಗೆ ನಿಂತವರ ವೇಗವೂ ಅಷ್ಟೇ. ಎಮ್ಮೆ ಅಡ್ಡ ಬಂದು ಚಾಲಕ ಬ್ರೇಕ್ ಒತ್ತಿದರೆ ಚಕ್ರಗಳನ್ನು ರಸ್ತೆಯ ಘರ್ಷಣೆ ತಡೆಯುತ್ತದೆ. ಪ್ರಯಾಣಿಕರ ಪಾದಗಳನ್ನು ಬಸ್ಸಿನ ನೆಲ ತಡೆಯುತ್ತದೆ. ಎದೆ, ತಲೆಗಳನ್ನು ನೇರವಾಗಿ ತಡೆಯುವುದು ಯಾವುದೂ ಇಲ್ಲ. ಅವು ಹಳೆಯ ವೇಗದಲ್ಲೇ ಸಾಗುವುದರಿಂದ ಮೈ ಮುಂದಕ್ಕೆ ಬಾಗುತ್ತದೆ. ಯಾರೋ ಹಿಂದಿನಿಂದ ದೂಡಿದಂತೆ ಅನಿಸಿದರೂ ಅಂಥ ಬಲವಿಲ್ಲ. ಹೊಸಬರು ಹೆಚ್ಚಾಗಿ ತಪ್ಪುವುದು ಇಲ್ಲೇ: ಜಡತ್ವ ಬಲವಲ್ಲ, ಗುಣ.

ಬಸ್ಸು 4 ಸೆಕೆಂಡಿನಲ್ಲಿ ನಿಂತರೆ ವೇಗ ಪ್ರತಿ ಸೆಕೆಂಡಿಗೆ 2.5 ಮೀಟರ್‌ನಷ್ಟು ಇಳಿಯುತ್ತದೆ. 60 ಕಿಲೋ ರಾಶಿಯ ವ್ಯಕ್ತಿಯನ್ನು ಜೊತೆಗೇ ನಿಲ್ಲಿಸಲು 60 × 2.5 = 150 ನ್ಯೂಟನ್ ಹಿಮ್ಮುಖ ಬಲ ಬೇಕು, ಸುಮಾರು 15 ಕಿಲೋ ಮೂಟೆಯ ಭಾರದಷ್ಟು. ಎರಡೇ ಸೆಕೆಂಡಿನಲ್ಲಿ ನಿಂತರೆ ಅದು ದುಪ್ಪಟ್ಟು. ಈ ಬಲವನ್ನು ದೇಹದ ಮೇಲ್ಭಾಗಕ್ಕೆ ಒದಗಿಸುವುದು ಕೈಯಲ್ಲಿ ಹಿಡಿದ ಕಂಬಿ.