ಗಾಯಕರ ಗುರು, ಘರಾಣೆ, ಮೊದಲ ಕಛೇರಿಯ ವರ್ಷ: ಚಿಕ್ಕೋಡಿ ಸೀಮೆಯಲ್ಲಿ ಹುಡುಕುವ ಬಗೆ

ಹಿಂದುಸ್ತಾನಿ ಗಾಯಕರ ಪರಿಚಯ ಬರೆಯುವವರು ಸಾಮಾನ್ಯವಾಗಿ ಮೂರು ಸಂಗತಿಗಳನ್ನು ಅರಸುತ್ತಾರೆ: ಗುರು ಯಾರು, ಘರಾಣೆ ಯಾವುದು, ಮೊದಲ ಬಹಿರಂಗ ಕಛೇರಿ ಯಾವ ವರ್ಷ ನಡೆಯಿತು. ಮೂರಕ್ಕೂ ಒಂದೊಂದೇ ಉತ್ತರವಿರುತ್ತದೆಂದು ಭಾವಿಸಿ ಹೊರಟವರು ಎರಡು ಪುಸ್ತಕಗಳನ್ನು ತೆರೆಯುತ್ತಲೇ ಗೊಂದಲಕ್ಕೆ ಸಿಲುಕುತ್ತಾರೆ. ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಭಾಗದ ಕಲಾವಿದರ ವಿಷಯದಲ್ಲಂತೂ ಈ ಗೊಂದಲ ಸಹಜ. ಈ ಸೀಮೆ 1956ರವರೆಗೆ ಮುಂಬಯಿ ರಾಜ್ಯದಲ್ಲಿತ್ತು. ರಾಯಬಾಗ ಕೊಲ್ಹಾಪುರ ಸಂಸ್ಥಾನಕ್ಕೆ ಸೇರಿತ್ತು. ಇಲ್ಲಿಯ ಹುಡುಗನೊಬ್ಬ ಸಂಗೀತ ಕಲಿಯಲು ಹೊರಟರೆ ಧಾರವಾಡಕ್ಕಿಂತ ಮೀರಜ, ಕುರುಂದವಾಡ, ಇಚಲಕರಂಜಿ, ಕೊಲ್ಹಾಪುರಗಳೇ ಹತ್ತಿರ. ಆದ್ದರಿಂದ ಆತನ ಕುರಿತ ದಾಖಲೆ ಕನ್ನಡದಲ್ಲಿ ಸಿಗದಿದ್ದರೆ ಮರಾಠಿಯಲ್ಲಿ ಹುಡುಕಬೇಕು.

ಮಾದರಿಗೆ ಬೆಳಗಾವಿ ಜಿಲ್ಲೆಯವರೇ ಆದ ಕುಮಾರ ಗಂಧರ್ವರನ್ನು ತೆಗೆದುಕೊಳ್ಳಬಹುದು. ಅವರು ಜನಿಸಿದ್ದು 1924ರ ಏಪ್ರಿಲ್ 8ರಂದು, ಸುಳೇಭಾವಿಯಲ್ಲಿ. ಮೊದಲ ತೊಡಕು ಹೆಸರಿನದೇ. ಹುಟ್ಟುಹೆಸರು ಶಿವಪುತ್ರ ಸಿದ್ಧರಾಮಯ್ಯ. ಮನೆತನದ ಹೆಸರು ಒಂದು ಕಡೆ ‘ಮಠ’ ಎಂಬ ಪದದೊಂದಿಗೆ, ಇನ್ನೊಂದು ಕಡೆ ಅದಿಲ್ಲದೆ, ಕನ್ನಡ ಮತ್ತು ಮರಾಠಿಗಳಲ್ಲಿ ಬೇರೆ ಬೇರೆ ಕಾಗುಣಿತದಲ್ಲಿ ಮುದ್ರಣಗೊಂಡಿದೆ. ‘ಕುಮಾರ ಗಂಧರ್ವ’ ಎಂಬುದು ಬಾಲ್ಯದಲ್ಲಿಯೇ ಸ್ವಾಮಿಗಳೊಬ್ಬರು ನೀಡಿದ ಬಿರುದು. ಅದೇ ಹೆಸರಾಗಿ ನಿಂತಿತು. ಹಳೆಯ ಜಾಹೀರಾತು, ಕರಪತ್ರಗಳಲ್ಲಿ ಹುಡುಕುವಾಗ ಈ ಎಲ್ಲ ರೂಪಗಳನ್ನೂ ಮೊದಲೇ ಬರೆದಿಟ್ಟುಕೊಳ್ಳುವುದು ಒಳಿತು.

ಗುರುವಿನ ವಿಷಯ ಮೇಲ್ನೋಟಕ್ಕೆ ಸರಳ. 1936ರ ಸುಮಾರಿಗೆ ತಂದೆ ಬಾಲಕನನ್ನು ಮುಂಬಯಿಯಲ್ಲಿ ಬಿ.ಆರ್. ದೇವಧರರ ಬಳಿ ಬಿಟ್ಟರು. ದೇವಧರರು 1925ರಲ್ಲಿ ಸ್ಥಾಪಿಸಿದ್ದ ‘ಸ್ಕೂಲ್ ಆಫ್ ಇಂಡಿಯನ್ ಮ್ಯೂಸಿಕ್’ ಆ ಮಗುವಿಗೆ ಶಾಲೆಯೂ ಆಯಿತು, ಮನೆಯೂ ಆಯಿತು. ಕುಮಾರರು ಅಂಜನಿಬಾಯಿ ಮಾಲ್ಪೇಕರರಿಂದಲೂ ಪಾಠ ಪಡೆದರು. ಆದರೆ ದೇವಧರರಲ್ಲಿಗೆ ಬರುವ ಮೊದಲೇ ಅವರು ಧ್ವನಿಮುದ್ರಿಕೆಗಳನ್ನು ಕೇಳಿ ದೊಡ್ಡ ಗಾಯಕರ ಹಾಡಿಕೆಯನ್ನು ಹಾಗೆಯೇ ಒಪ್ಪಿಸುತ್ತಿದ್ದರು. ಹಾಗಾದರೆ ‘ಮೊದಲ ಗುರು’ ಯಾರು? ಹಾಡುತ್ತಿದ್ದ ತಂದೆಯೇ, ಧ್ವನಿಮುದ್ರಿಕೆಯೇ, ದೇವಧರರೇ? ಪರಿಚಯದಲ್ಲಿ ‘ಗುರು’ ಎಂದಷ್ಟೇ ಬರೆಯುವ ಬದಲು ಕ್ರಮಬದ್ಧ ತಾಲೀಮು ಕೊಟ್ಟವರು, ನಂತರ ಮಾರ್ಗದರ್ಶನ ಮಾಡಿದವರು ಎಂದು ಬೇರ್ಪಡಿಸಿದರೆ ಈ ಪ್ರಶ್ನೆ ಏಳುವುದಿಲ್ಲ.

ಘರಾಣೆಯನ್ನು ತಿಳಿಯಲು ಗುರುವಿನ ಗುರುವಿನತ್ತ ಹೋಗಬೇಕು. ದೇವಧರರು ಮೀರಜದವರು, ವಿಷ್ಣು ದಿಗಂಬರ ಪಲುಸ್ಕರರ ಶಿಷ್ಯರು. ಪಲುಸ್ಕರರು 1872ರಲ್ಲಿ ಕುರುಂದವಾಡದಲ್ಲಿ, ಎಂದರೆ ಚಿಕ್ಕೋಡಿ ಸೀಮೆಗೆ ತಾಗಿಯೇ ಇರುವ ಊರಿನಲ್ಲಿ ಹುಟ್ಟಿದವರು. ಮೀರಜದಲ್ಲಿ ಬಾಲಕೃಷ್ಣಬುವಾ ಇಚಲಕರಂಜೀಕರರ ಬಳಿ ಕಲಿತು 1896ರಲ್ಲಿ ಅಲ್ಲಿಂದ ಹೊರಟವರು. ಬಾಲಕೃಷ್ಣಬುವಾ ಗ್ವಾಲಿಯರ್ ಗಾಯಕಿಯನ್ನು ಈ ಭಾಗಕ್ಕೆ ತಂದವರು. ಈ ಸರಪಳಿಯ ಪ್ರಕಾರ ಕುಮಾರ ಗಂಧರ್ವರದು ಗ್ವಾಲಿಯರ್ ಪರಂಪರೆ. ಆದರೆ ಸ್ವತಃ ಅವರು ಯಾವ ಘರಾಣೆಯ ಚೌಕಟ್ಟನ್ನೂ ಒಪ್ಪಲಿಲ್ಲ. ಹೀಗಾಗಿ ಒಂದು ಕೋಶ ‘ಗ್ವಾಲಿಯರ್’ ಎನ್ನುತ್ತದೆ, ಇನ್ನೊಂದು ‘ಸ್ವತಂತ್ರ’ ಎನ್ನುತ್ತದೆ. ಎರಡೂ ತಪ್ಪಲ್ಲ. ಮೊದಲನೆಯದು ಕಲಿಕೆಯ ವಂಶಾವಳಿ, ಎರಡನೆಯದು ಹಾಡಿಕೆಯ ಸ್ವರೂಪ.

ಕಲಿತ ವರ್ಷಗಳನ್ನು ಎಣಿಸಿ ಘರಾಣೆ ನಿರ್ಧರಿಸುವ ಉಪಾಯವೂ ನಿಲ್ಲುವುದಿಲ್ಲ. ಮಲ್ಲಿಕಾರ್ಜುನ ಮನಸೂರರು ಮೀರಜದ ನೀಲಕಂಠಬುವಾ ಅವರಲ್ಲಿ ಹಲವು ವರ್ಷ ಗ್ವಾಲಿಯರ್ ಪದ್ಧತಿಯನ್ನು ಕಲಿತರು. ನೀಲಕಂಠಬುವಾ ಕೂಡ ಬಾಲಕೃಷ್ಣಬುವಾ ಅವರ ಶಿಷ್ಯರೇ. ಆಮೇಲೆ ಅಲ್ಲಾದಿಯಾ ಖಾನರ ಮಗ ಮಂಜಿ ಖಾನರ ಬಳಿ ಮನಸೂರರು ಕಲಿತದ್ದು ಅದಕ್ಕಿಂತ ಬಹಳ ಕಡಿಮೆ ಕಾಲ. 1937ರಲ್ಲಿ ಮಂಜಿ ಖಾನರು ತೀರಿಕೊಂಡರು. ಕಲಿಕೆ ಅವರ ತಮ್ಮ ಬುರ್ಜಿ ಖಾನರಲ್ಲಿ ಮುಂದುವರಿಯಿತು. ಇಂದು ಮನಸೂರರನ್ನು ಜೈಪುರ-ಅತ್ರೌಲಿಯವರೆಂದೇ ಗುರುತಿಸುತ್ತಾರೆ. ಅದು ಸರಿಯಾದ ಗುರುತೇ, ಆದರೆ ಮೀರಜದ ವರ್ಷಗಳನ್ನು ಬಿಟ್ಟು ಬರೆದ ಪರಿಚಯ ಅಪೂರ್ಣ.

ಮೂರನೆಯ ಪ್ರಶ್ನೆಯೇ ಹೆಚ್ಚು ತಲೆನೋವಿನದು. ಕುಮಾರ ಗಂಧರ್ವರು ಹತ್ತರ ವಯಸ್ಸಿಗೆ ವೇದಿಕೆ ಏರಿದರೆಂದು ಹಲವು ಕಡೆ ಬರೆದಿದೆ. ಹತ್ತು ವರ್ಷ ತುಂಬಿತ್ತು ಎಂದಾದರೆ ಅದು 1934ರ ಏಪ್ರಿಲ್‌ನಿಂದ 1935ರ ಏಪ್ರಿಲ್ ನಡುವಿನ ಅವಧಿ. ‘ಹತ್ತನೆಯ ವರ್ಷ ನಡೆಯುತ್ತಿತ್ತು’ ಎಂದಾದರೆ 1933ರ ಏಪ್ರಿಲ್‌ನಿಂದ 1934ರ ಏಪ್ರಿಲ್. ನಮ್ಮ ಹಿರಿಯರು ವಯಸ್ಸನ್ನು ಹೇಳುತ್ತಿದ್ದುದು ಹೆಚ್ಚಾಗಿ ಎರಡನೆಯ ರೀತಿಯಲ್ಲಿ. ಅನುವಾದಿಸುವವರು ಅದನ್ನು ಮೊದಲನೆಯ ರೀತಿಗೆ ತಿರುಗಿಸುತ್ತಾರೆ, ಒಂದು ವರ್ಷ ಜಾರಿಹೋಗುತ್ತದೆ. ಇನ್ನು ಕೆಲವರು ಮುಂಬಯಿಯ ಜಿನ್ನಾ ಹಾಲ್‌ನಲ್ಲಿ ನಡೆದ ಸಂಗೀತ ಸಮ್ಮೇಳನದ ಹಾಡಿಕೆಯನ್ನೇ ಮೊದಲ ಕಛೇರಿ ಎಂದು ಹಿಡಿಯುತ್ತಾರೆ. ಅದು ಅವರನ್ನು ದೊಡ್ಡ ನಗರದ ರಸಿಕರಿಗೆ ಪರಿಚಯಿಸಿದ ಕಛೇರಿ, ಮೊದಲನೆಯದಲ್ಲ. ಅದಕ್ಕೂ ಮುನ್ನವೇ ತಂದೆ ಮಗನನ್ನು ಊರೂರಿಗೆ ಕರೆದೊಯ್ದು ಹಾಡಿಸುತ್ತಿದ್ದರು. ಆದ್ದರಿಂದ ‘ಮೊದಲ ವೇದಿಕೆ ಸುಮಾರು 1934, ನಂತರ ಮುಂಬಯಿ’ ಎಂದು ಎರಡನ್ನೂ ಬೇರೆ ಬೇರೆ ಸಾಲಿನಲ್ಲಿ ನಮೂದಿಸುವುದೇ ಪ್ರಾಮಾಣಿಕ ಕ್ರಮ.

ಕೋಶಗಳಿಗೆ ಸೇರದ ಕಲಾವಿದರ ವಿಷಯದಲ್ಲಿ ಮನೆಯವರ ನೆನಪೇ ಆಧಾರ. ಅವರಿಗೆ ವರ್ಷವನ್ನು ಕೇಳಬಾರದು, ಸಂದರ್ಭವನ್ನು ಕೇಳಬೇಕು. ‘ಮೀರಜ ದರ್ಗಾದಲ್ಲಿ ಖಾನ್ ಸಾಹೇಬರ ಪುಣ್ಯತಿಥಿಗೆ ಮೊದಲು ಹಾಡಿದ್ದು’ ಎಂದು ಕಾಗವಾಡದ ಹಿರಿಯರೊಬ್ಬರು ಹೇಳಿದರೆನ್ನಿ. ಅಬ್ದುಲ್ ಕರೀಂ ಖಾನರು ನಿಧನರಾದದ್ದು 1937ರ ಅಕ್ಟೋಬರ್ 27ರಂದು. ಹಾಗಾಗಿ ಆ ಕಛೇರಿ 1938ಕ್ಕಿಂತ ಹಿಂದಿನದಾಗಲು ಸಾಧ್ಯವಿಲ್ಲ. ಪುಣೆಯ ಸವಾಯಿ ಗಂಧರ್ವ ಮಹೋತ್ಸವ ಎಂದರೆ 1953ರ ನಂತರ. ಧಾರವಾಡ ಆಕಾಶವಾಣಿ ಎಂದರೆ 1950ರ ನಂತರ. ಆದರೆ ಬಾನುಲಿಯ ಮೊದಲ ಪ್ರಸಾರವನ್ನು ಮೊದಲ ಕಛೇರಿಯೊಂದಿಗೆ ಬೆರೆಸಬಾರದು. ಬಾನುಲಿಗೆ ಆಯ್ಕೆಯಾಗುವ ಮೊದಲೇ ಬಹುತೇಕರು ಜಾತ್ರೆಯಲ್ಲೋ ಗಣೇಶೋತ್ಸವದಲ್ಲೋ ಹಾಡಿರುತ್ತಾರೆ.

ಹೀಗೆ ಒಂದು ಮಿತಿ ಸಿಕ್ಕ ಮೇಲೆ ಆ ವರ್ಷಗಳ ಮರಾಠಿ ಪತ್ರಿಕೆಗಳನ್ನೂ ಮನೆಯಲ್ಲಿ ಉಳಿದ ಕರಪತ್ರಗಳನ್ನೂ ನೋಡಬೇಕು. ಅಲ್ಲಿ ದಿನಾಂಕ ಶಾಲಿವಾಹನ ಶಕೆಯಲ್ಲಿದ್ದರೆ ಒಂದು ಎಚ್ಚರ ಬೇಕು. ಶಕ ವರ್ಷಕ್ಕೆ 78 ಕೂಡಿಸುವ ರೂಢಿ ಚೈತ್ರದಿಂದ ಡಿಸೆಂಬರ್ ಕೊನೆಯವರೆಗಷ್ಟೇ ಸರಿ. ಜನವರಿಯಿಂದ ಫಾಲ್ಗುಣದ ಕೊನೆಯವರೆಗೆ 79 ಕೂಡಿಸಬೇಕು. ಶಕೆ 1855ರ ಶ್ರಾವಣದಲ್ಲಿ ಹಾಡಿದ್ದಾದರೆ ಅದು 1933. ಅದೇ ಶಕೆಯ ಮಾಘದಲ್ಲಾದರೆ 1934. ಕರಪತ್ರದಲ್ಲಿ ತಿಥಿಯ ಜೊತೆ ವಾರವೂ ಅಚ್ಚಾಗಿದ್ದರೆ ಹಳೆಯ ಪಂಚಾಂಗವೊಂದನ್ನು ತೆರೆದು ತಾಳೆ ನೋಡಬಹುದು. ವಾರ ಹೊಂದದಿದ್ದಲ್ಲಿ ವರ್ಷವನ್ನು ಮತ್ತೊಮ್ಮೆ ಪರಿಶೀಲಿಸುವುದು ಅನಿವಾರ್ಯ.