ಕಾವಲಿನ ಕೃಷ್ಣಮೃಗ: ಚಿಕ್ಕ ಸಮೂಹದ ಆನುವಂಶಿಕ ವೈವಿಧ್ಯ ಮತ್ತು ಕನಿಷ್ಠ ಜೀವನಕ್ಷಮ ಗಾತ್ರ

ಒಂದು ಪ್ರಭೇದದ ಜೀವಿಗಳು ತಮ್ಮ ಜೀನ್‌ಗಳಲ್ಲಿ ಪರಸ್ಪರ ಎಷ್ಟು ಭಿನ್ನವಾಗಿವೆ ಎಂಬುದೇ ಆ ಸಮೂಹದ ಆನುವಂಶಿಕ ವೈವಿಧ್ಯ. ಬೇರೆ ಗುಂಪುಗಳಿಂದ ಕಡಿದುಹೋದ ಚಿಕ್ಕ ಸಮೂಹದಲ್ಲಿ ಈ ವೈವಿಧ್ಯ ತಲೆಮಾರಿನಿಂದ ತಲೆಮಾರಿಗೆ ಸೋರಿಹೋಗುತ್ತದೆ. ರಕ್ತಸಂಬಂಧವಿರುವ ಪ್ರಾಣಿಗಳೇ ಪರಸ್ಪರ ಕೂಡುವುದು, ಅಂದರೆ ಅಂತಃಪ್ರಜನನ, ಅನಿವಾರ್ಯವಾಗುತ್ತದೆ. ನಿಗದಿತ ಕಾಲದವರೆಗೆ ಹೆಚ್ಚಿನ ಭರವಸೆಯೊಂದಿಗೆ ಉಳಿಯಬಲ್ಲ ಅತಿ ಚಿಕ್ಕ ಸಮೂಹವನ್ನು ಕನಿಷ್ಠ ಜೀವನಕ್ಷಮ ಸಮೂಹ ಎನ್ನುತ್ತಾರೆ. ಈ ಮೂರೂ ವಿಷಯಗಳನ್ನು ಮಧ್ಯ ಕರ್ನಾಟಕದ ಹುಲ್ಲುಗಾವಲುಗಳ ಕೃಷ್ಣಮೃಗದ ನಿದರ್ಶನದಲ್ಲಿ ಇಲ್ಲಿ ವಿವರಿಸಲಾಗಿದೆ.

ನೆಲೆ

ಹೊಳಲ್ಕೆರೆ ತಾಲ್ಲೂಕು, ಅದರ ನೆರೆಯ ಹೊಸದುರ್ಗ, ಹಿರಿಯೂರು, ಚಿತ್ರದುರ್ಗ ತಾಲ್ಲೂಕುಗಳು ಮಳೆ ಕಡಿಮೆಯಿರುವ ಬಯಲುಸೀಮೆಗೆ ಸೇರಿವೆ. ಮೈಸೂರು ಅರಸರ ಕಾಲದಿಂದ ಅಮೃತಮಹಲ್ ದನಗಳ ಮೇವಿಗೆಂದು ಕಾಯ್ದಿಟ್ಟ ಕಾವಲುಗಳು ಈ ಸೀಮೆಯಲ್ಲಿ ಹರಡಿದ್ದವು. ಬಯಲಿನಲ್ಲಿ ದೂರದಿಂದಲೇ ಅಪಾಯವನ್ನು ಗುರುತಿಸಿ ಓಡಿ ಪಾರಾಗುವ ಕೃಷ್ಣಮೃಗಕ್ಕೆ ಇದು ಒಪ್ಪುವ ನೆಲ. ಕಾಲಕ್ರಮದಲ್ಲಿ ಕಾವಲುಗಳು ಹೊಲ, ನೆಡುತೋಪು, ಊರು, ಕೈಗಾರಿಕೆಗಳಿಗೆ ಹಂಚಿಹೋದವು. ಚಳ್ಳಕೆರೆ ಭಾಗದ ದೊಡ್ಡ ಕಾವಲುಗಳಲ್ಲಿ ರಕ್ಷಣಾ ಮತ್ತು ವಿಜ್ಞಾನ ಸಂಸ್ಥೆಗಳ ಆವರಣ ಗೋಡೆಗಳು ಎದ್ದವು.

ಉಳಿದ ತುಣುಕುಗಳಲ್ಲಿ ಕೆಲವಕ್ಕೆ ಕಾನೂನಿನ ರಕ್ಷಣೆ ಸಿಕ್ಕಿದೆ. ಹೊಸದುರ್ಗಕ್ಕೆ ಹೊಂದಿಕೊಂಡಿರುವ ಕಡೂರು ತಾಲ್ಲೂಕಿನ ಬಾಸೂರು ಅಮೃತಮಹಲ್ ಕಾವಲು 2011ರಲ್ಲಿ ಸಂರಕ್ಷಣಾ ಮೀಸಲು ಎಂದು ಘೋಷಿತವಾಯಿತು. ಅದರ ವಿಸ್ತೀರ್ಣ ಸುಮಾರು 7.36 ಚದರ ಕಿ.ಮೀ. ಮಧುಗಿರಿ ತಾಲ್ಲೂಕಿನ ಮೈದನಹಳ್ಳಿ ಬಳಿಯ ಜಯಮಂಗಲಿ ಕೃಷ್ಣಮೃಗ ಮೀಸಲು ಅದಕ್ಕಿಂತಲೂ ಚಿಕ್ಕದು, ಸುಮಾರು 3.23 ಚದರ ಕಿ.ಮೀ. ಇವೆರಡಕ್ಕೆ ಹೋಲಿಸಿದರೆ 1974ರಲ್ಲಿ ಘೋಷಿತವಾದ ರಾಣೆಬೆನ್ನೂರು ಅಭಯಾರಣ್ಯ 119 ಚದರ ಕಿ.ಮೀ. ಇದ್ದು ದೊಡ್ಡ ಹಿಂಡುಗಳಿಗೆ ಆಸರೆಯಾಗಿದೆ.

ಎಣಿಸಿದ ಸಂಖ್ಯೆ ಮತ್ತು ಪರಿಣಾಮಕಾರಿ ಸಂಖ್ಯೆ

ಗಣತಿಯಲ್ಲಿ ಕಾಣುವುದು ತಲೆಗಳ ಲೆಕ್ಕ. ಮುಂದಿನ ತಲೆಮಾರಿಗೆ ತಮ್ಮ ಜೀನ್ ದಾಟಿಸುವ ಪ್ರಾಣಿಗಳು ಅದರಲ್ಲಿ ಒಂದು ಭಾಗ ಮಾತ್ರ. ವೈವಿಧ್ಯ ಸೋರುವ ವೇಗವನ್ನು ನಿರ್ಧರಿಸುವುದು ಪರಿಣಾಮಕಾರಿ ಸಮೂಹ ಗಾತ್ರ, ಸಂಕೇತದಲ್ಲಿ Ne.

ಕೃಷ್ಣಮೃಗದಲ್ಲಿ ಈ ಎರಡು ಸಂಖ್ಯೆಗಳ ನಡುವಿನ ಅಂತರ ದೊಡ್ಡದು. ಬೆದೆಯ ಕಾಲದಲ್ಲಿ ಬಲಿತ ಗಂಡುಗಳು ಬಯಲಿನಲ್ಲಿ ತಮ್ಮ ತಮ್ಮ ಜಾಗ ಹಿಡಿದು, ಒಂದೇ ಕಡೆ ಮತ್ತೆ ಮತ್ತೆ ಹಿಕ್ಕೆ ಹಾಕಿ ಗುರುತು ಮಾಡಿ, ಒಳಗೆ ಬಂದ ಬೇರೆ ಗಂಡುಗಳನ್ನು ಕೊಂಬಿನಿಂದ ತಳ್ಳಿ ಓಡಿಸುತ್ತವೆ. ಗುಜರಾತಿನ ವೇಳಾವದರದಂಥ ಕಡೆಗಳಲ್ಲಿ ಇಂಥ ಜಾಗಗಳು ಒತ್ತೊತ್ತಾಗಿದ್ದು, ಹೆಣ್ಣುಗಳು ಅಲ್ಲಿಗೇ ಬಂದು ಗಂಡನ್ನು ಆರಿಸಿಕೊಳ್ಳುತ್ತವೆ. ಹೆಚ್ಚಿನ ಕೂಡಿಕೆ ಕೆಲವೇ ಗಂಡುಗಳ ಪಾಲಾಗುತ್ತದೆ. ಉಳಿದ ಗಂಡುಗಳು ಗಂಡುಗಳ ಗುಂಪಿನಲ್ಲಿ ಮೇಯುತ್ತಾ ಸರದಿ ಕಾಯುತ್ತವೆ. ಗಂಡು ಹೆಣ್ಣುಗಳ ಸಂಖ್ಯೆ ಹೀಗೆ ಅಸಮವಾಗಿದ್ದಾಗ ಬಳಸುವ ಸೂತ್ರ:

Ne = 4 × Nm × Nf / (Nm + Nf)

ಇಲ್ಲಿ Nm ಸಂತಾನ ಕೊಡುವ ಗಂಡುಗಳ ಸಂಖ್ಯೆ, Nf ಸಂತಾನ ಕೊಡುವ ಹೆಣ್ಣುಗಳ ಸಂಖ್ಯೆ.

ಒಂದು ಮಾದರಿ ಲೆಕ್ಕ

ಕಾವಲೊಂದರಲ್ಲಿ 120 ಕೃಷ್ಣಮೃಗಗಳಿವೆ ಎಂದು ಊಹಿಸೋಣ: 50 ಬಲಿತ ಹೆಣ್ಣು, 30 ಬಲಿತ ಗಂಡು, 40 ಮರಿ ಮತ್ತು ಎಳೆಯವು. ಒಂದು ತಲೆಮಾರಿನ ಮರಿಗಳಿಗೆಲ್ಲ ಐದು ಗಂಡುಗಳು ಮಾತ್ರ ತಂದೆಯಾದರೆ, Ne = 4 × 5 × 50 / 55, ಅಂದರೆ ಸುಮಾರು 18. ಎಣಿಕೆಗೆ ಸಿಕ್ಕಿದ್ದು 120 ಪ್ರಾಣಿ. ಆನುವಂಶಿಕವಾಗಿ ಆ ಹಿಂಡು ಹದಿನೆಂಟು ಪ್ರಾಣಿಗಳ ಆದರ್ಶ ಸಮೂಹದಷ್ಟು ವೇಗವಾಗಿ ವೈವಿಧ್ಯ ಕಳೆದುಕೊಳ್ಳುತ್ತದೆ.

ಪ್ರತಿ ತಲೆಮಾರಿನಲ್ಲಿ ಕಳೆದುಹೋಗುವ ಪಾಲು 1/(2Ne). ಇಲ್ಲಿ ಅದು ಸುಮಾರು ಶೇ 2.75. t ತಲೆಮಾರುಗಳ ಬಳಿಕ ಉಳಿಯುವ ವಿಷಮಯುಗ್ಮತೆ, ಅಂದರೆ ಒಂದೇ ಸ್ಥಾನದಲ್ಲಿ ತಾಯಿಯಿಂದ ಒಂದು ಬಗೆಯ, ತಂದೆಯಿಂದ ಇನ್ನೊಂದು ಬಗೆಯ ಜೀನ್ ಪಡೆದಿರುವ ಪ್ರಮಾಣ:

Ht / H0 = (1 − 1/(2Ne))^t

ಹತ್ತು ತಲೆಮಾರಿಗೆ ಇದು ಸುಮಾರು 0.76. ತಲೆಮಾರಿಗೆ ಐದು ವರ್ಷ ಎಂದು ಹಿಡಿದರೆ ಐವತ್ತು ವರ್ಷಗಳಲ್ಲಿ ಮೂಲ ವೈವಿಧ್ಯದ ಸುಮಾರು ಕಾಲುಭಾಗ ಹೋಗಿರುತ್ತದೆ. ಅಷ್ಟು ಹೊತ್ತಿಗೆ ಹಿಂಡಿನ ಸರಾಸರಿ ಅಂತಃಪ್ರಜನನ ಗುಣಾಂಕ 0.24ರ ಆಸುಪಾಸಿಗೆ ಬರುತ್ತದೆ. ಒಡಹುಟ್ಟಿದ ಅಣ್ಣ ತಂಗಿ ಕೂಡಿ ಹುಟ್ಟಿದ ಮರಿಯ ಗುಣಾಂಕ 0.25. ಯಾವ ಪ್ರಾಣಿಯೂ ಒಡಹುಟ್ಟಿನೊಂದಿಗೆ ಕೂಡದಿದ್ದರೂ ಇಡೀ ಹಿಂಡು ಆ ಮಟ್ಟಕ್ಕೆ ತಲುಪಿರುತ್ತದೆ.

ಅದೇ ಹಿಂಡಿನಲ್ಲಿ ಇಪ್ಪತ್ತು ಗಂಡುಗಳು ತಂದೆಯಾದರೆ Ne 57ಕ್ಕೆ ಏರುತ್ತದೆ, ಹತ್ತು ತಲೆಮಾರಿನ ನಷ್ಟ ಶೇ 8ಕ್ಕೆ ಇಳಿಯುತ್ತದೆ. ಆದ್ದರಿಂದ ಒಂದೇ ಬೆದೆಯ ಕಾಲದಲ್ಲಿ ಎಷ್ಟು ಗಂಡು ಕೂಡಿದವೆಂದು ನೋಡಿ Ne ಹೇಳುವುದು ಸರಿಯಲ್ಲ. ಜಾಗ ಹಿಡಿದ ಗಂಡು ಒಂದೆರಡು ವರ್ಷಗಳಲ್ಲಿ ಸೋತು ಹೋಗಿ ಇನ್ನೊಂದು ಬರುವುದರಿಂದ, ತಲೆಮಾರಿನ ಒಟ್ಟು ತಂದೆಗಳ ಸಂಖ್ಯೆ ಒಂದು ಕಾಲದ ಎಣಿಕೆಗಿಂತ ಹೆಚ್ಚಿರುತ್ತದೆ.

ಬರಗಾಲದ ಪರಿಣಾಮವನ್ನೂ ಲೆಕ್ಕಕ್ಕೆ ಸೇರಿಸಬೇಕು. ಐದು ತಲೆಮಾರುಗಳಲ್ಲಿ Ne ಕ್ರಮವಾಗಿ 50, 50, 10, 50, 50 ಇದ್ದರೆ ಸಾಮಾನ್ಯ ಸರಾಸರಿ 42. ವೈವಿಧ್ಯದ ಲೆಕ್ಕಕ್ಕೆ ಬೇಕಾದದ್ದು ಹರಾತ್ಮಕ ಸರಾಸರಿ, ಅದು ಸುಮಾರು 28. ಒಂದು ಕೆಟ್ಟ ಕುಸಿತ ನಾಲ್ಕು ಒಳ್ಳೆಯ ತಲೆಮಾರುಗಳ ಲಾಭವನ್ನು ತಿನ್ನುತ್ತದೆ. ಮಳೆ ಬಂದು ಹಿಂಡು ಮತ್ತೆ ಬೆಳೆದರೂ ಕಳೆದ ಜೀನ್ ರೂಪಗಳು ಹಿಂದಿರುಗುವುದಿಲ್ಲ.

ವೈವಿಧ್ಯ ಇಳಿದಾಗ ಆಗುವುದೇನು

ಎರಡು ಬೇರೆ ಬೇರೆ ಪ್ರಕ್ರಿಯೆಗಳು ಒಟ್ಟಿಗೆ ನಡೆಯುತ್ತವೆ. ಮೊದಲನೆಯದು ಆನುವಂಶಿಕ ಅಲೆತ: ಯಾವ ಜೀನ್ ರೂಪ ಮುಂದೆ ಹೋಗುತ್ತದೆ ಎಂಬುದನ್ನು ಚಿಕ್ಕ ಸಮೂಹದಲ್ಲಿ ಆಕಸ್ಮಿಕವೇ ಬಹುಪಾಲು ನಿರ್ಧರಿಸುತ್ತದೆ. ಒಡಿಶಾದ ಸಿಮಿಲಿಪಾಲ್ ಹುಲಿಗಳು ಇದಕ್ಕೆ ಸ್ಪಷ್ಟ ಉದಾಹರಣೆ. ಅಲ್ಲಿ ಮೂರರಲ್ಲಿ ಒಂದಕ್ಕಿಂತ ಹೆಚ್ಚು ಹುಲಿಗಳಿಗೆ ಪಟ್ಟೆಗಳು ಅಗಲವಾಗಿ ಕೂಡಿಕೊಂಡ ಕಪ್ಪು ಮೈಬಣ್ಣವಿದೆ. ಬೆಂಗಳೂರಿನ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದ ಉಮಾ ರಾಮಕೃಷ್ಣನ್ ಮತ್ತು ಸಂಗಡಿಗರು 2021ರಲ್ಲಿ ಪ್ರಕಟಿಸಿದ ಅಧ್ಯಯನ ಇದಕ್ಕೆ ಒಂದೇ ಜೀನ್‌ನಲ್ಲಾದ ವ್ಯತ್ಯಾಸ ಕಾರಣವೆಂದು ಗುರುತಿಸಿತು. ಬೇರೆಡೆಯ ಕಾಡುಹುಲಿಗಳಲ್ಲಿ ಕಾಣದ ಆ ರೂಪ ಈ ಪ್ರತ್ಯೇಕಗೊಂಡ ಚಿಕ್ಕ ಸಮೂಹದಲ್ಲಿ ಸಾಮಾನ್ಯವಾಗಿಬಿಟ್ಟಿದೆ.

ಎರಡನೆಯದು ಅಂತಃಪ್ರಜನನ ಕುಗ್ಗುವಿಕೆ. ಹಾನಿಕರ ಜೀನ್ ರೂಪಗಳಲ್ಲಿ ಹೆಚ್ಚಿನವು ಅಪ್ರಬಲವಾದವು. ಜೊತೆಯಲ್ಲಿ ಆರೋಗ್ಯವಂತ ಪ್ರತಿ ಇರುವವರೆಗೆ ಅವು ಅಡಗಿರುತ್ತವೆ. ತಂದೆ ತಾಯಿ ಸಂಬಂಧಿಕರಾದಾಗ ಒಂದೇ ಪೂರ್ವಜನಿಂದ ಬಂದ ಹಾನಿಕರ ಪ್ರತಿ ಎರಡೂ ಕಡೆಯಿಂದ ಮರಿಗೆ ಸೇರುವ ಸಂಭವ ಹೆಚ್ಚುತ್ತದೆ. ಮರಿಗಳ ತೂಕ ಕಡಿಮೆಯಾಗುವುದು, ಹುಟ್ಟಿದ ಮೊದಲ ವಾರಗಳಲ್ಲಿ ಸಾವು, ವೀರ್ಯದ ಗುಣಮಟ್ಟ ಕುಸಿಯುವುದು, ರೋಗ ತಡೆಯುವ ಶಕ್ತಿ ಇಳಿಯುವುದು ಇದರ ರೂಪಗಳು.

ಪತ್ತೆ ಹಚ್ಚುವ ಬಗೆ

ಮರಿಗಳು ಉಳಿಯುತ್ತಿಲ್ಲ ಎಂಬುದಷ್ಟೇ ಸಾಕ್ಷ್ಯವಲ್ಲ. ಬೀದಿನಾಯಿಗಳ ಹಾವಳಿ, ಮೇವಿನ ಕೊರತೆ, ದನಕುರಿಗಳಿಂದ ಬರುವ ರೋಗವೂ ಅದೇ ಲಕ್ಷಣ ತೋರಿಸುತ್ತವೆ. ಆದ್ದರಿಂದ ಮಳೆ ಚೆನ್ನಾಗಿದ್ದ ವರ್ಷದಲ್ಲೂ, ನಾಯಿಗಳ ಕಾಟವಿಲ್ಲದ ಕಾವಲಿನಲ್ಲೂ ನೂರು ಹೆಣ್ಣುಗಳಿಗೆ ಮರಿಗಳ ಅನುಪಾತ ಕುಸಿಯುತ್ತಿದೆಯೇ ಎಂದು ನೋಡಬೇಕು. ಆಮೇಲೆ ಜೀನ್ ಪರೀಕ್ಷೆ. ತಾಜಾ ಹಿಕ್ಕೆಯ ಮೇಲ್ಪದರದಲ್ಲಿ ಕರುಳಿನ ಜೀವಕೋಶಗಳು ಅಂಟಿಕೊಂಡಿರುತ್ತವೆ. ಪ್ರಾಣಿಯನ್ನು ಹಿಡಿಯದೆ, ಹಿಕ್ಕೆಯಿಂದಲೇ ಡಿಎನ್‌ಎ ತೆಗೆದು ಪ್ರತಿ ಪ್ರಾಣಿಯನ್ನು ಬೇರ್ಪಡಿಸಿ ಗುರುತಿಸಬಹುದು. ಸಾಕಷ್ಟು ಮಾದರಿ ಸಿಕ್ಕರೆ ಯಾವ ಮರಿಗೆ ಯಾವ ಗಂಡು ತಂದೆ ಎಂಬುದೂ ತಿಳಿಯುತ್ತದೆ. ಬಿಸಿಲಿಗೆ ಒಣಗಿದ ಹಿಕ್ಕೆಯಲ್ಲಿ ಡಿಎನ್‌ಎ ಮುರಿದಿರುವುದರಿಂದ ತಪ್ಪು ಫಲಿತಾಂಶ ಬರುತ್ತದೆ. ಅದಕ್ಕೇ ಒಂದೇ ಮಾದರಿಯನ್ನು ಹಲವು ಬಾರಿ ಪರೀಕ್ಷಿಸುತ್ತಾರೆ.

ಪರೀಕ್ಷೆಯಲ್ಲಿ ಆಗಾಗ ಕಾಣುವ ತಪ್ಪೊಂದನ್ನು ಇಲ್ಲಿ ಗಮನಿಸಬೇಕು. ಹಿಂಡಿನೊಳಗೆ ಹಾರ್ಡಿ-ವೈನ್‌ಬರ್ಗ್ ಸಮತೋಲನ ಕಂಡರೆ ಅಂತಃಪ್ರಜನನವಿಲ್ಲ ಎಂದು ಬರೆಯುತ್ತಾರೆ. ಹಿಂಡಿನೊಳಗೆ ಕೂಡಿಕೆ ಯಾದೃಚ್ಛಿಕವಾಗಿದ್ದರೆ ಸಮತೋಲನ ಸರಿಯಾಗಿಯೇ ಕಾಣುತ್ತದೆ, ಆದರೂ ಎಲ್ಲರೂ ಎಲ್ಲರಿಗೂ ಸಂಬಂಧಿಕರಾಗಿರಬಹುದು. ನಷ್ಟ ಗೊತ್ತಾಗಬೇಕಾದರೆ ಕಾವಲಿನ ವಿಷಮಯುಗ್ಮತೆಯನ್ನು ರಾಣೆಬೆನ್ನೂರಿನಂಥ ದೊಡ್ಡ ಸಮೂಹದೊಂದಿಗೆ ಹೋಲಿಸಬೇಕು, ಇಲ್ಲವೇ ಪೂರ್ಣ ಜೀನೋಮಿನಲ್ಲಿ ಎರಡೂ ಪ್ರತಿ ಒಂದೇ ಆಗಿರುವ ಉದ್ದನೆಯ ಭಾಗಗಳನ್ನು ಅಳೆಯಬೇಕು. ಅವು ಉದ್ದವಾದಷ್ಟೂ ಸಂಬಂಧಿಕರ ಕೂಡಿಕೆ ಇತ್ತೀಚಿನದು.

ಕನಿಷ್ಠ ಜೀವನಕ್ಷಮ ಸಮೂಹ

ಮಾರ್ಕ್ ಶಾಫರ್ 1981ರಲ್ಲಿ ಕೊಟ್ಟ ವ್ಯಾಖ್ಯೆಯ ಪ್ರಕಾರ, ಒಂದು ಸಾವಿರ ವರ್ಷ ಉಳಿಯುವ ಸಂಭವ ಶೇ 99 ಇರುವ ಅತಿ ಚಿಕ್ಕ ಸಮೂಹ ಅದು. ಈ ಕಾಲ ಮತ್ತು ಸಂಭವ ಆಯ್ಕೆಗೆ ಬಿಟ್ಟದ್ದು, ಆದ್ದರಿಂದ ಎಲ್ಲ ಪ್ರಭೇದಕ್ಕೂ ಒಂದೇ ಸಂಖ್ಯೆ ಇಲ್ಲ. ಆನುವಂಶಿಕ ಭಾಗಕ್ಕೆ 1980ರಲ್ಲಿ ಇಯಾನ್ ಫ್ರಾಂಕ್ಲಿನ್ ಸೂಚಿಸಿದ 50/500 ನಿಯಮ ಪ್ರಸಿದ್ಧ. Ne 50 ಇದ್ದರೆ ಅಂತಃಪ್ರಜನನ ತಲೆಮಾರಿಗೆ ಶೇ 1ನ್ನು ಮೀರುವುದಿಲ್ಲ, ಅಲ್ಪಕಾಲಕ್ಕೆ ಅದು ಸಾಕು. Ne 500 ಇದ್ದರೆ ಅಲೆತದಿಂದ ಕಳೆದುಹೋಗುವಷ್ಟನ್ನು ಹೊಸ ಉತ್ಪರಿವರ್ತನೆ ತುಂಬಿಕೊಡುತ್ತದೆ. 2014ರಲ್ಲಿ ರಿಚರ್ಡ್ ಫ್ರಾಂಕಮ್ ಮತ್ತು ಸಂಗಡಿಗರು ಇವನ್ನು 100 ಮತ್ತು 1000ಕ್ಕೆ ಏರಿಸಬೇಕೆಂದು ವಾದಿಸಿದರು.

ನಮ್ಮ ಮಾದರಿ ಹಿಂಡಿನಲ್ಲಿ Ne ಗಣತಿಯ ಸುಮಾರು ಶೇ 15. ಅದೇ ಅನುಪಾತ ಮುಂದುವರಿದರೆ Ne 50 ಆಗಲು ಸುಮಾರು 330 ಪ್ರಾಣಿಗಳು, 500 ಆಗಲು ಸುಮಾರು 3,300 ಪ್ರಾಣಿಗಳು ಬೇಕು. ಬಾಸೂರಿನಷ್ಟು ದೊಡ್ಡ ಕಾವಲಿನಲ್ಲಿ 3,300 ಎಂದರೆ ಚದರ ಕಿ.ಮೀ.ಗೆ ಸುಮಾರು 450. ಅಷ್ಟು ಪ್ರಾಣಿಗಳಿಗೆ ಅಲ್ಲಿ ಮೇವು ಸಾಲದು. ಮೇಲಾಗಿ ಬರ, ರೋಗ, ಸತತವಾಗಿ ಗಂಡು ಮರಿಗಳೇ ಹುಟ್ಟುವಂಥ ಆಕಸ್ಮಿಕಗಳು ಆನುವಂಶಿಕ ನಷ್ಟ ಕಾಣಿಸಿಕೊಳ್ಳುವ ಮೊದಲೇ ಚಿಕ್ಕ ಹಿಂಡನ್ನು ಅಳಿಸಬಲ್ಲವು. ಇವನ್ನೆಲ್ಲ ಸೇರಿಸಿ ಮಾಡುವ ಲೆಕ್ಕವೇ ಸಮೂಹ ಜೀವನಕ್ಷಮತೆಯ ವಿಶ್ಲೇಷಣೆ.

ಪರಿಹಾರ ಮತ್ತು ಅದರ ಮಿತಿ

ಬೇರೆ ಹಿಂಡಿನಿಂದ ತಲೆಮಾರಿಗೆ ಒಂದು ಪ್ರಾಣಿ ಬಂದು ಸಂತಾನ ಕೊಟ್ಟರೂ ಎರಡು ಹಿಂಡುಗಳು ತೀರಾ ಬೇರ್ಪಡುವುದು ತಪ್ಪುತ್ತದೆ. ವಾಸ್ತವದಲ್ಲಿ ಬಂದ ಪ್ರಾಣಿಗಳೆಲ್ಲ ಸಂತಾನ ಕೊಡುವುದಿಲ್ಲವಾದ್ದರಿಂದ ಒಂದರಿಂದ ಹತ್ತರವರೆಗೆ ಬೇಕೆಂದು ಹೇಳುತ್ತಾರೆ. ಅಮೆರಿಕದ ಫ್ಲಾರಿಡಾದಲ್ಲಿ ಪ್ಯಾಂಥರ್‌ಗಳು ಇಪ್ಪತ್ತು ಮೂವತ್ತಕ್ಕೆ ಇಳಿದು, ಬಾಲ ಸೊಟ್ಟಗಾಗುವುದು, ವೃಷಣ ಇಳಿಯದಿರುವುದು ಮುಂತಾದ ದೋಷಗಳು ವ್ಯಾಪಕವಾಗಿದ್ದವು. 1995ರಲ್ಲಿ ಟೆಕ್ಸಸ್‌ನಿಂದ ಎಂಟು ಹೆಣ್ಣುಗಳನ್ನು ತಂದು ಬಿಟ್ಟರು. ಅವುಗಳಲ್ಲಿ ಐದು ಮರಿ ಹಾಕಿದವು. ಸಮೂಹ ಬೆಳೆಯಿತು, ದೋಷಗಳು ಕಡಿಮೆಯಾದವು.

ಕೃಷ್ಣಮೃಗಕ್ಕೆ ಈ ದಾರಿ ಸುಲಭವಲ್ಲ. ಹಿಡಿದು ಸಾಗಿಸುವಾಗ ಭಯದಿಂದ ಸ್ನಾಯುಗಳು ಹಾಳಾಗಿ ಸಾಯುವ ಅಪಾಯವಿದೆ. ತಂದ ಗಂಡಿಗೆ ಜಾಗ ಸಿಗದಿದ್ದರೆ ಶ್ರಮ ವ್ಯರ್ಥ, ಹೆಣ್ಣಾದರೆ ಸಂತಾನ ಕೊಡುವ ಸಂಭವ ಹೆಚ್ಚು. ಇದಕ್ಕಿಂತ ಸುಗಮವಾದದ್ದು ಪ್ರಾಣಿ ತಾನೇ ನಡೆದು ಹೋಗುವ ದಾರಿ. ಕೃಷ್ಣಮೃಗ ಬೀಳು ಹೊಲಗಳನ್ನು ದಾಟಬಲ್ಲದು. ಅದನ್ನು ತಡೆಯುವುದು ಎತ್ತರದ ಬೇಲಿ, ಆವರಣ ಗೋಡೆ, ಕಡಿದಾದ ದಡದ ಕಾಲುವೆ, ವಾಹನ ದಟ್ಟಣೆಯ ಹೆದ್ದಾರಿ. ಆದ್ದರಿಂದ ಕಾವಲುಗಳ ನಡುವೆ ಉಳಿದಿರುವ ಗೋಮಾಳ, ಬೀಳು, ಹಳ್ಳದ ಅಂಚುಗಳನ್ನು ತೆರೆದಿಡುವುದು, ಕಾಲುವೆಗಳಿಗೆ ದಾಟುಸೇತುವೆ ಕಟ್ಟುವುದು ಆನುವಂಶಿಕ ಸಂರಕ್ಷಣೆಯ ಮೊದಲ ಹೆಜ್ಜೆ. ಕಾವಲುಗಳ ಹಿಂಡುಗಳೆಲ್ಲ ಹೀಗೆ ಜೋಡಣೆಯಾಗಿ ಒಂದೇ ದೊಡ್ಡ ಸಮೂಹದಂತೆ ವರ್ತಿಸಿದಾಗ ಮಾತ್ರ 500ರ ಗುರಿ ಕೈಗೆಟುಕುತ್ತದೆ.