ತೆರಿಗೆ ಸಾರಾಂಶ ಪಟ್ಟಿ

ಜಿಎಸ್‌ಟಿ ಬಿಲ್ಲಿನ ಕೆಳಭಾಗದಲ್ಲಿ ಎಚ್‌ಎಸ್‌ಎನ್ ಕೋಡ್ ಮತ್ತು ತೆರಿಗೆ ದರ ಎರಡೂ ಒಂದೇ ಆಗಿರುವ ಸಾಲುಗಳ ಮೊತ್ತವನ್ನು ಕೂಡಿಸಿ ತೋರಿಸುವ ಪಟ್ಟಿ. ವಿಜಯಪುರ ಜಿಲ್ಲೆಯ ಘೋಣಸಗಿಯ ದ್ರಾಕ್ಷಿ ಬೆಳೆಗಾರರೊಬ್ಬರು ತಿಕೋಟಾದ ಅಂಗಡಿಯಲ್ಲಿ ₹1,500ರ ಶಿಲೀಂಧ್ರನಾಶಕ, ₹2,500ರ ಕೀಟನಾಶಕ, ₹2,000ರ ಟ್ರೈಕೋಡರ್ಮಾ ಕೊಂಡರೆನ್ನೋಣ. ಮೂರರ ಕೋಡೂ 3808. ಆದರೂ ಪಟ್ಟಿಯಲ್ಲಿ ಎರಡು ಸಾಲು ಇರಬೇಕು. ರಾಸಾಯನಿಕ ಔಷಧಗಳ ₹4,000ಕ್ಕೆ 18% ದರ, ಅಂದರೆ ಸಿಜಿಎಸ್‌ಟಿ ₹360, ಎಸ್‌ಜಿಎಸ್‌ಟಿ ₹360. ಟ್ರೈಕೋಡರ್ಮಾ ಜೈವಿಕ ಪೀಡೆನಾಶಕವಾದ್ದರಿಂದ 2025ರ ಸೆಪ್ಟೆಂಬರ್ 22ರಿಂದ ಅದಕ್ಕೆ 5%. ತೆರಿಗೆ ₹50 ಮತ್ತು ₹50. ಬಿಲ್ಲಿನ ಒಟ್ಟು ₹6,820. ಕೋಡ್ ಒಂದನ್ನೇ ನೋಡಿ ಮೂರನ್ನೂ 18%ಕ್ಕೆ ಸೇರಿಸಿದರೆ ತೆರಿಗೆ ₹1,080 ಆಗಿ, ರೈತನಿಗೆ ₹260 ಹೆಚ್ಚು ಬೀಳುತ್ತದೆ. ಒಂದು ಕೋಡಿಗೆ ಒಂದೇ ಸಾಲಿದ್ದರೆ ಮೊದಲು ಪರಿಶೀಲಿಸಬೇಕಾದದ್ದು ಇದನ್ನೇ. ಮಹಾರಾಷ್ಟ್ರದ ವ್ಯಾಪಾರಿ ಇಲ್ಲಿಗೆ ಮಾಲು ಕಳಿಸಿದರೆ ಎರಡು ತೆರಿಗೆಗಳ ಬದಲು ಐಜಿಎಸ್‌ಟಿಯ ಒಂದೇ ಕಾಲಂ ಇರುತ್ತದೆ.